ಗೋದಾಮಿನೊಳಗೆ ಫೋರ್ಕ್‌ಲಿಫ್ಟ್ ಡಿಕ್ಕಿ: ಸುರಕ್ಷತಾ ಸಮಿತಿಗೆ ಮೇಲ್ವಿಚಾರಕರು ವರದಿ ಬರೆಯುವ ಕ್ರಮ

"ಚಾಲಕನ ಅಜಾಗರೂಕತೆಯೇ ಘಟನೆಗೆ ಕಾರಣ. ಆತನಿಗೆ ಎಚ್ಚರಿಕೆ ನೀಡಲಾಗಿದೆ." ಫೋರ್ಕ್‌ಲಿಫ್ಟ್ ಡಿಕ್ಕಿಯ ಎಷ್ಟೋ ವರದಿಗಳು ಈ ಎರಡು ವಾಕ್ಯಗಳಲ್ಲಿ ಮುಗಿದುಹೋಗುತ್ತವೆ. ಸಮಿತಿ ಅದನ್ನು ಓದಿ, ಸಹಿ ಹಾಕಿ, ಕಡತಕ್ಕೆ ಸೇರಿಸುತ್ತದೆ. ಅದಕ್ಕೆ ಬೇರೆ ದಾರಿಯೂ ಇರುವುದಿಲ್ಲ, ಏಕೆಂದರೆ ಆ ವರದಿಯಲ್ಲಿ ಬದಲಾಯಿಸಬಹುದಾದ ವಸ್ತು ಒಂದೂ ಇಲ್ಲ. ಅದೇ ಮೂಲೆಯಲ್ಲಿ ನಾಳೆ ಇನ್ನೊಬ್ಬ ಚಾಲಕ ಬರುತ್ತಾನೆ.

ಈ ಮಾರ್ಗದರ್ಶಿ ಒಂದೇ ಬಗೆಯ ಘಟನೆಯನ್ನು ಹಿಡಿದುಕೊಂಡು ಸಾಗುತ್ತದೆ: ಓಣಿ ಮತ್ತು ಮುಖ್ಯ ದಾರಿ ಕೂಡುವ ಮೂಲೆಯಲ್ಲಿ ಎರಡು ಯಂತ್ರಗಳ ನಡುವಿನ ಡಿಕ್ಕಿ. ವಿವರಣೆಗಾಗಿ ಕಲ್ಪಿಸಿಕೊಂಡ ಪ್ರಕರಣ ಹೀಗಿದೆ. ಯಂತ್ರ 1 ತುಂಬಿದ ಪ್ಯಾಲೆಟ್ ಹೊತ್ತು ಮುಖ್ಯ ದಾರಿಯಲ್ಲಿ ರವಾನೆ ಬಾಗಿಲಿನತ್ತ ಮುಂದಕ್ಕೆ ಬರುತ್ತಿದೆ. ಯಂತ್ರ 2 ಆರನೇ ಓಣಿಯಲ್ಲಿ ಸರಕು ಇಳಿಸಿ, ಹಿಮ್ಮುಖವಾಗಿ ಹೊರಬರುತ್ತಿದೆ. ಎರಡರ ನಡುವಿನ ಮೂಲೆಯಲ್ಲಿ, ಹಳದಿ ಗೆರೆಯ ಒಳಗೆ, ಸುಮಾರು 1.9 ಮೀಟರ್ ಎತ್ತರದ ಪ್ಯಾಲೆಟ್ ರಾಶಿ ನಿಂತಿದೆ. ಯಂತ್ರ 1ರ ಸರಕು ಯಂತ್ರ 2ರ ಹಿಂಭಾಗಕ್ಕೆ ಬಡಿಯುತ್ತದೆ. ಯಂತ್ರ 2ರ ಹಿಂಬದಿ ಪಕ್ಕಕ್ಕೆ ಸರಿದು ಮೂಲೆಯ ರ‍್ಯಾಕ್ ಕಂಬಕ್ಕೆ ತಾಗುತ್ತದೆ. ಎರಡನೇ ಚಾಲಕನ ಮಣಿಕಟ್ಟು ಉಳುಕಿದೆ.

ಬರೆಯುವ ಮೊದಲಿನ ಒಂದು ಗಂಟೆ

ಗಾಯಾಳುವಿನ ಚಿಕಿತ್ಸೆ ಮೊದಲು. ಅದರ ಬಗ್ಗೆ ಚರ್ಚೆ ಬೇಡ. ಆ ನಂತರ ಎರಡೂ ಯಂತ್ರಗಳನ್ನು ಆರಿಸಿ, ಕೀಲಿ ತೆಗೆದುಕೊಂಡು, ದಾರಿಯನ್ನು ಎರಡೂ ಕಡೆ ಮುಚ್ಚಿ. ಯಂತ್ರಗಳು ಇದ್ದಲ್ಲೇ ಇರಲಿ. ಸಿಕ್ಕಿಕೊಂಡ ವ್ಯಕ್ತಿಯನ್ನು ಬಿಡಿಸಲು ಅಥವಾ ಸರಕು ಕುಸಿಯುವುದನ್ನು ತಡೆಯಲು ಮಾತ್ರ ಅವುಗಳನ್ನು ಕದಲಿಸಬಹುದು. ಕದಲಿಸಿದರೆ ಯಾರು, ಎಷ್ಟು ದೂರ ಎಂಬುದನ್ನು ಆಗಲೇ ಗುರುತು ಹಾಕಿಕೊಳ್ಳಿ.

ಸ್ಥಳದಲ್ಲಿ ಎಲ್ಲಕ್ಕಿಂತ ಬೇಗ ಮಾಯವಾಗುವುದು ಆ ಪ್ಯಾಲೆಟ್ ರಾಶಿ. ಒಳ್ಳೆಯ ಮನಸ್ಸಿನ ಯಾರೋ ಒಬ್ಬರು "ದಾರಿಗೆ ಅಡ್ಡ" ಎಂದು ಅದನ್ನು ತೆಗೆದಿಟ್ಟುಬಿಡುತ್ತಾರೆ. ಆಮೇಲೆ ಅದು ಎಲ್ಲಿತ್ತು, ಎಷ್ಟು ಎತ್ತರವಿತ್ತು ಎಂಬುದು ಬರೀ ಮಾತಾಗಿ ಉಳಿಯುತ್ತದೆ. ಆದ್ದರಿಂದ ಯಂತ್ರಗಳ ಚಿತ್ರಕ್ಕಿಂತ ಮೊದಲೇ ಸುತ್ತಲಿನದರ ಚಿತ್ರ ತೆಗೆಯಿರಿ: ರಾಶಿ, ಮೂಲೆಯ ಕನ್ನಡಿ ಯಾವ ಕಡೆಗೆ ತಿರುಗಿದೆ, ನೆಲದ ಗೆರೆ ಎಷ್ಟು ಸವೆದಿದೆ, ನೆಲ ಒದ್ದೆಯೋ ಒಣಗಿದೆಯೋ, ದೀಪ ಉರಿಯುತ್ತಿದೆಯೋ ಇಲ್ಲವೋ. ಪ್ರತಿ ಮುಖ್ಯ ನೋಟವನ್ನು ಎರಡು ಸಲ ತೆಗೆಯಿರಿ. ಒಂದು ದೂರದಿಂದ, ಇನ್ನೊಂದು ಕುಳಿತ ಚಾಲಕನ ಕಣ್ಣಿನ ಎತ್ತರದಿಂದ. ನೆಲದಲ್ಲಿ ನಿಂತು ತೆಗೆದ ಚಿತ್ರದ ನೋಟವೇ ಬೇರೆ. ಚಾಲಕನಿಗೆ ಕಂಡದ್ದು ಅದಲ್ಲ.

ಸಿಸಿಟಿವಿ ದೃಶ್ಯದ ಪ್ರತಿಯನ್ನು ಅದೇ ದಿನ ತೆಗೆಸಿ. ರೆಕಾರ್ಡರ್‌ನ ಡಿಸ್ಕ್ ತುಂಬಿದಂತೆ ಹಳೆಯ ದೃಶ್ಯದ ಮೇಲೆ ಹೊಸತು ಬರೆಯಲ್ಪಡುತ್ತದೆ, ಯಾರನ್ನೂ ಕೇಳುವುದಿಲ್ಲ. ಘಟನೆಯ ನಿಮಿಷವಷ್ಟೇ ಸಾಲದು. ಅದಕ್ಕೆ ಮೊದಲಿನ ಎರಡು ಗಂಟೆ, ಜೊತೆಗೆ ಹಿಂದಿನ ಕೆಲವು ದಿನಗಳ ಅದೇ ಹೊತ್ತಿನ ದೃಶ್ಯವೂ ಬೇಕು. ಅದು ಯಾಕೆಂದು ಮುಂದೆ ಗೊತ್ತಾಗುತ್ತದೆ. ಕ್ಯಾಮೆರಾದ ಗಡಿಯಾರವನ್ನು ಸರಿಯಾದ ಸಮಯದೊಂದಿಗೆ ಹೋಲಿಸಿ, ವ್ಯತ್ಯಾಸವನ್ನು ಬರೆದಿಡಿ.

ರ‍್ಯಾಕ್ ಕಂಬವನ್ನು "ಸ್ವಲ್ಪ ತಾಗಿದೆ" ಎಂದು ಬಿಡಬೇಡಿ. ನೆಲಕ್ಕೆ ಹತ್ತಿರದ ಕಂಬವೇ ಮೇಲಿನ ಎಲ್ಲ ಹಂತಗಳ ಭಾರವನ್ನು ಹೊರುವುದು. ಒಂದು ಮೀಟರ್ ಉದ್ದದ ನೇರ ಪಟ್ಟಿಯನ್ನು ಬಾಗಿದ ಭಾಗದ ಮೇಲಿಟ್ಟು, ಪಟ್ಟಿಗೂ ಕಂಬಕ್ಕೂ ನಡುವಿನ ಅತಿ ಹೆಚ್ಚಿನ ಸಂದನ್ನು ಮಿಲಿಮೀಟರಿನಲ್ಲಿ ಅಳೆಯಿರಿ. ರ‍್ಯಾಕ್ ಪರಿಶೀಲಕರು ಬಳಸುವ ಮಿತಿ ಬಾಗಿದ ದಿಕ್ಕನ್ನು ಅವಲಂಬಿಸಿ 3 ಅಥವಾ 5 ಮಿಲಿಮೀಟರ್. ಕಣ್ಣಿಗೆ ಅದು ಏನೂ ಅಲ್ಲವೆಂದೇ ತೋರುತ್ತದೆ. ನಮ್ಮ ಪ್ರಕರಣದಲ್ಲಿ ಸಂದು 7 ಮಿಲಿಮೀಟರ್. ಆ ಕಂಬ ಹೊತ್ತಿರುವ ಎರಡೂ ಬದಿಯ ಅಂಕಣಗಳನ್ನು ಖಾಲಿ ಮಾಡಿಸಿ, ತಜ್ಞರು ನೋಡುವವರೆಗೆ ಬಳಕೆ ನಿಲ್ಲಿಸಿ. ಬಾಗಿದ ಕಂಬವನ್ನು ಸುತ್ತಿಗೆಯಿಂದ ಬಡಿದು ನೇರ ಮಾಡಲು ಹೊರಟವರನ್ನು ತಡೆಯುವುದೂ ಮೇಲ್ವಿಚಾರಕರ ಕೆಲಸವೇ.

ಕಾನೂನಿನ ಪ್ರಕಾರ ಸರ್ಕಾರಿ ಪ್ರಾಧಿಕಾರಕ್ಕೆ ತಿಳಿಸಬೇಕಾದ ಗಾಯವಾಗಿದ್ದರೆ ಅದರ ಗಡುವು ಬೇರೆ, ನಮೂನೆ ಬೇರೆ. ಸಮಿತಿಯ ವರದಿ ಸಿದ್ಧವಾಗಲಿ ಎಂದು ಅದನ್ನು ತಡೆಹಿಡಿಯಬಾರದು.

ಹೇಳಿಕೆ ಪಡೆಯುವುದು

ಇಬ್ಬರು ಚಾಲಕರನ್ನೂ, ಕಂಡವರನ್ನೂ ಬೇರೆ ಬೇರೆಯಾಗಿ, ಅದೇ ಪಾಳಿಯಲ್ಲಿ ಮಾತನಾಡಿಸಿ. ಊಟದ ಮೇಜಿನಲ್ಲಿ ಒಟ್ಟಿಗೆ ಕುಳಿತು ಎದ್ದರೆಂದರೆ ನಾಲ್ವರ ನೆನಪು ಒಂದೇ ಕತೆಯಾಗಿರುತ್ತದೆ.

"ಹಾರ್ನ್ ಮಾಡಿದಿರಾ?" ಎಂದು ಆರಂಭಿಸಿದರೆ "ಮಾಡಿದೆ" ಎಂಬ ಉತ್ತರ ಬಿಟ್ಟು ಬೇರೇನೂ ಬರುವುದಿಲ್ಲ. "ಪ್ಯಾಲೆಟ್ ಎತ್ತಿಕೊಂಡಲ್ಲಿಂದ ಹೇಳಿ" ಎಂದು ಬಿಟ್ಟುಕೊಡಿ, ನಡುವೆ ಬಾಯಿ ಹಾಕಬೇಡಿ. ಮುಗಿದ ಮೇಲೆ ಬಿಟ್ಟುಹೋದದ್ದನ್ನು ಕೇಳಿ. "ಅವನು ಜೋರಾಗಿ ಬಂದ" ಎಂಬುದು ಅಭಿಪ್ರಾಯ. ಅದನ್ನು ಹೇಳಿದಂತೆಯೇ ಬರೆದುಕೊಂಡು, ಜೊತೆಗೆ ಕೇಳಿ: "ಮೊದಲು ಕಂಡಾಗ ಆ ಯಂತ್ರ ಎಲ್ಲಿತ್ತು? ಬನ್ನಿ, ಆ ಜಾಗದಲ್ಲಿ ನಿಂತು ತೋರಿಸಿ." ಜಾಗವನ್ನು ಅಳೆಯಬಹುದು, "ಜೋರು" ಎಂಬುದನ್ನು ಅಳೆಯಲಾಗದು.

ಹೇಳಿಕೆಗಳು ಹೊಂದದಿದ್ದರೆ ಹೊಂದಿಸಲು ಹೋಗಬೇಡಿ. ನಮ್ಮ ಪ್ರಕರಣದಲ್ಲಿ ಒಂದನೇ ಚಾಲಕ ಹಾರ್ನ್ ಮಾಡಿದೆನೆನ್ನುತ್ತಾನೆ, ಎರಡನೆಯವನು ಕೇಳಲಿಲ್ಲವೆನ್ನುತ್ತಾನೆ, ಕ್ಯಾಮೆರಾಕ್ಕೆ ಧ್ವನಿಯಿಲ್ಲ. ವರದಿಯಲ್ಲಿ ಹೀಗಿರಲಿ: "ಹಾರ್ನ್ ಬಗ್ಗೆ ಇಬ್ಬರ ಹೇಳಿಕೆ ಬೇರೆಯಾಗಿದೆ. ತೀರ್ಮಾನಿಸಲು ಬೇರೆ ಸಾಕ್ಷ್ಯವಿಲ್ಲ. ಘಟನೆಯ ನಂತರ ಪರೀಕ್ಷಿಸಿದಾಗ ಹಾರ್ನ್ ಕೆಲಸ ಮಾಡುತ್ತಿತ್ತು." ಇದು ವರದಿಯ ದೌರ್ಬಲ್ಯವಲ್ಲ. ಒಬ್ಬರ ಮಾತನ್ನು ನಂಬಿ ಇನ್ನೊಬ್ಬರದನ್ನು ಅಳಿಸಿದ ವರದಿ, ಸಭೆಯಲ್ಲಿ ಮೊದಲ ಪ್ರಶ್ನೆಗೇ ಕುಸಿಯುತ್ತದೆ.

ಒಂದು ಮಾತು. ಆ ಮೂಲೆಯಲ್ಲಿ ಪ್ಯಾಲೆಟ್ ಇಡಲು ಹೇಳಿದವರು ನೀವೇ ಆಗಿದ್ದರೆ, ಹೇಳಿಕೆ ಪಡೆಯುವ ಕೆಲಸವನ್ನು ಇನ್ನೊಂದು ಪಾಳಿಯ ಮೇಲ್ವಿಚಾರಕರಿಗೆ ಒಪ್ಪಿಸಿ, ನೀವೂ ಒಂದು ಹೇಳಿಕೆ ಕೊಡಿ. ತಮಗೆ ಆದೇಶ ಕೊಟ್ಟವರ ಮುಂದೆ ಆ ಆದೇಶದ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ.

ಮೂಲೆಯನ್ನು ಅಳೆಯುವುದು

ವರದಿಯ ತಿರುಳು ಇಲ್ಲಿದೆ. ಮೂರು ಅಳತೆಗಳು ಬೇಕು: ಯಂತ್ರ 1 ಎಷ್ಟು ವೇಗದಲ್ಲಿತ್ತು, ಆ ವೇಗದಲ್ಲಿ ನಿಲ್ಲಲು ಎಷ್ಟು ದೂರ ಬೇಕು, ಚಾಲಕನಿಗೆ ಎಷ್ಟು ದೂರದಿಂದ ಕಾಣುತ್ತಿತ್ತು.

ವೇಗವನ್ನು ದೃಶ್ಯದಿಂದ ತೆಗೆಯಬಹುದು. ದೃಶ್ಯದಲ್ಲಿ ಕಾಣುವ ಎರಡು ಸ್ಥಿರ ಗುರುತುಗಳನ್ನು ಆರಿಸಿಕೊಳ್ಳಿ. ರ‍್ಯಾಕ್ ಕಂಬಗಳು ಇದಕ್ಕೆ ಅನುಕೂಲ. ಅವುಗಳ ನಡುವಿನ ದೂರವನ್ನು ನೆಲದಲ್ಲಿ ಟೇಪ್ ಹಿಡಿದು ಅಳೆಯಿರಿ. ಯಂತ್ರದ ಮುಂಚಕ್ರ ಮೊದಲ ಗುರುತಿನಿಂದ ಎರಡನೆಯದಕ್ಕೆ ಬರುವಷ್ಟರಲ್ಲಿ ಎಷ್ಟು ಫ್ರೇಮ್‌ಗಳು ಸರಿದವು ಎಂದು ಎಣಿಸಿ. ನಮ್ಮಲ್ಲಿ ದೂರ 2.7 ಮೀಟರ್, ಫ್ರೇಮ್‌ಗಳು 18, ಕ್ಯಾಮೆರಾ ಸೆಕೆಂಡಿಗೆ 15 ಫ್ರೇಮ್ ಹಿಡಿಯುತ್ತದೆ. ಅಂದರೆ 1.2 ಸೆಕೆಂಡ್, ಸೆಕೆಂಡಿಗೆ 2.25 ಮೀಟರ್, ಗಂಟೆಗೆ ಸುಮಾರು 8 ಕಿಲೋಮೀಟರ್. ಓರೆಯಾಗಿ ನೋಡುವ ಕ್ಯಾಮೆರಾದಲ್ಲಿ ಗುರುತು ದಾಟಿದ ಕ್ಷಣ ಒಂದೆರಡು ಫ್ರೇಮ್ ಆಚೀಚೆಯಾಗುತ್ತದೆ, ಆದ್ದರಿಂದ "ಸುಮಾರು 7ರಿಂದ 9" ಎಂದು ಬರೆಯುವುದೇ ಪ್ರಾಮಾಣಿಕ.

ಗೋದಾಮಿನ ಫಲಕದ ಮೇಲಿನ ಮಿತಿ 10. ಚಾಲಕ ಮಿತಿಯೊಳಗೇ ಇದ್ದ! ಇಲ್ಲಿಗೆ "ಅಜಾಗರೂಕ ವೇಗ" ಎಂಬ ಸಿದ್ಧ ಉತ್ತರ ಕಳಚಿಬೀಳುತ್ತದೆ, ನಿಜವಾದ ತನಿಖೆ ಆರಂಭವಾಗುತ್ತದೆ.

ನಿಲ್ಲಲು ಬೇಕಾದ ದೂರದಲ್ಲಿ ಎರಡು ಪಾಲು. ಕಂಡು, ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಯಂತ್ರ ಸಾಗುವ ದೂರ ಒಂದು. ಬ್ರೇಕ್ ಹಿಡಿದ ಮೇಲೆ ಸಾಗುವುದು ಇನ್ನೊಂದು. ಮೊದಲನೆಯದಕ್ಕೆ ಒಂದು ಸೆಕೆಂಡ್ ಎಂದಿಟ್ಟುಕೊಂಡರೆ 2.25 ಮೀಟರ್. ಎರಡನೆಯದನ್ನು ಪುಸ್ತಕದಿಂದ ತೆಗೆಯುವ ಬದಲು ಮೆಕ್ಯಾನಿಕ್‌ನಿಂದ ಪರೀಕ್ಷೆ ಮಾಡಿಸಿ: ಅದೇ ಯಂತ್ರ, ಅದೇ ತೂಕದ ಸರಕು, ಅದೇ ನೆಲ, ಜನರಿಲ್ಲದ ಜಾಗ. ಡಿಕ್ಕಿಯಲ್ಲಿ ಯಂತ್ರಕ್ಕೆ ಪೆಟ್ಟಾಗಿದ್ದರೆ ಅದೇ ಮಾದರಿಯ ಇನ್ನೊಂದು ಯಂತ್ರ ಬಳಸಿ, ಹಾಗೆಂದು ಬರೆಯಿರಿ. ಸರಕು ಫೋರ್ಕ್‌ಗಳಿಂದ ಜಾರದಂತೆ ಬಿಗಿದಿರಬೇಕು. ನಮ್ಮ ಪರೀಕ್ಷೆಯಲ್ಲಿ 1.3 ಮೀಟರ್ ಬಂತು. ಒಟ್ಟು ಸುಮಾರು 3.5 ಮೀಟರ್.

ಇನ್ನು ಕಾಣುವ ದೂರ. ಚಿತ್ರಗಳನ್ನು ನೋಡಿ ಪ್ಯಾಲೆಟ್ ರಾಶಿಯನ್ನು ಮತ್ತೆ ಅದೇ ಜಾಗದಲ್ಲಿ ನಿಲ್ಲಿಸಿ. ಯಂತ್ರ 2 ಓಣಿಯಿಂದ ಅರ್ಧ ಮೀಟರ್ ಹೊರಬಂದ ಸ್ಥಿತಿಯಲ್ಲಿ ಅದನ್ನು ಅಥವಾ ಅದೇ ಅಳತೆಯ ಯಂತ್ರವನ್ನು ಇಡಿ, ಕೀಲಿ ತೆಗೆಯಿರಿ. ಯಂತ್ರ 1ನ್ನು ನಡಿಗೆಗಿಂತ ನಿಧಾನವಾಗಿ ತಂದು, ಕುಳಿತವರಿಗೆ ಯಂತ್ರ 2ರ ಹಿಂಭಾಗ ಮೊದಲು ಕಂಡ ಕ್ಷಣ ನಿಲ್ಲಿಸಿ. ಅಳತೆಯನ್ನು ಚಾಲಕನ ಕಣ್ಣಿನಿಂದ ತೆಗೆಯುವುದು ಇಲ್ಲಿ ಎಲ್ಲರೂ ಬೀಳುವ ಹಳ್ಳ. ಬಡಿಯುವುದು ಸರಕಿನ ಮುಂದಿನ ಅಂಚು. ಅದು ಕಣ್ಣಿಗಿಂತ ಎರಡು ಮೀಟರಿಗೂ ಹೆಚ್ಚು ಮುಂದಿರುತ್ತದೆ. ಸರಕಿನ ಮುಂದಿನ ಅಂಚಿನಿಂದ ಡಿಕ್ಕಿಯ ಬಿಂದುವಿಗೆ ಅಳೆಯಿರಿ. ನಮ್ಮಲ್ಲಿ ಅದು 2.5 ಮೀಟರ್. ರಾಶಿ ತೆಗೆದು ಮತ್ತೆ ಅಳೆದಾಗ 6 ಮೀಟರ್.

ಈಗ ಸಂಖ್ಯೆಗಳು ತಾವೇ ಮಾತನಾಡುತ್ತವೆ. ನಿಲ್ಲಲು 3.5 ಬೇಕು, ಕಾಣುವುದು 2.5ರಿಂದ. ನಿಯಮ ಪಾಲಿಸಿದ, ಎಚ್ಚರವಾಗಿದ್ದ ಚಾಲಕನೂ ಯಂತ್ರ 2 ಅಡ್ಡ ಬಂದಾಗ ಅಲ್ಲಿ ನಿಲ್ಲಲಾಗುತ್ತಿರಲಿಲ್ಲ. ಅದೇ ಮೂಲೆಗೆ ಗಂಟೆಗೆ 5 ಕಿಲೋಮೀಟರ್ ವೇಗದಲ್ಲಿ ಬಂದರೆ ಸುಮಾರು 1.9 ಮೀಟರಿನಲ್ಲಿ ನಿಲ್ಲಬಹುದು, ಏಕೆಂದರೆ ಬ್ರೇಕ್ ಹಿಡಿದ ಮೇಲಿನ ದೂರ ವೇಗದ ವರ್ಗಕ್ಕೆ ಅನುಗುಣವಾಗಿ ಇಳಿಯುತ್ತದೆ. ಈ ಲೆಕ್ಕಕ್ಕೆ ಒಂದು ಮಿತಿಯಿದೆ, ಅದನ್ನೂ ಬರೆಯಬೇಕು: ಎರಡನೇ ಯಂತ್ರವೂ ಚಲಿಸುತ್ತಿತ್ತು, ಆದ್ದರಿಂದ ನಿಜವಾಗಿ ಸಿಕ್ಕ ಅವಕಾಶ ಇದಕ್ಕಿಂತ ಕಡಿಮೆಯೇ ಇದ್ದೀತು.

ಯಂತ್ರ 2ರ ಬಗ್ಗೆಯೂ ಒಂದು ವಾಕ್ಯ ಬೇಕು. ಫೋರ್ಕ್‌ಲಿಫ್ಟ್ ತಿರುಗುವುದು ಹಿಂಚಕ್ರಗಳಿಂದ; ಹಿಂದೆ ಬರುತ್ತ ತಿರುಗಿಸಿದಾಗ ಅದರ ಬಾಲ ಅಗಲವಾಗಿ ಬೀಸಿ ಮುಖ್ಯ ದಾರಿಯೊಳಗೆ ನುಗ್ಗುತ್ತದೆ. ಅದರ ಚಾಲಕ ಯಾವ ಭುಜದ ಮೇಲಿಂದ ನೋಡುತ್ತಿದ್ದ, ಆ ಕಡೆ ರಾಶಿ ಅಡ್ಡ ಇತ್ತೇ ಎಂಬುದು ಹೇಳಿಕೆಯಲ್ಲಿ ಇರಬೇಕು. ಯಂತ್ರ 1ರ ಸರಕಿನ ಎತ್ತರವನ್ನೂ ಬರೆಯಿರಿ. ಸರಕೇ ಮುಂದಿನ ನೋಟವನ್ನು ಮುಚ್ಚುವಷ್ಟು ಎತ್ತರವಿದ್ದರೆ ಚಾಲಕ ಹಿಮ್ಮುಖವಾಗಿ ಸಾಗಬೇಕಿತ್ತು, ಆಗ ವರದಿಯ ದಿಕ್ಕೇ ಬೇರೆಯಾಗುತ್ತದೆ.

ಪಾಳಿಗೆ ಮುಂಚಿನ ಯಂತ್ರ ತಪಾಸಣೆಯ ಹಾಳೆಯನ್ನು ಲಗತ್ತಿಸಿ. ಆದರೆ ತಿಂಗಳಿಡೀ ಎಲ್ಲ ಚೌಕಗಳಿಗೂ ಒಂದೇ ಶಾಯಿಯಲ್ಲಿ, ಒಂದೇ ಓರೆಯಲ್ಲಿ ಗುರುತು ಬಿದ್ದಿದ್ದರೆ ಅದು ಬ್ರೇಕ್ ಸರಿಯಿತ್ತೆಂಬುದಕ್ಕೆ ಸಾಕ್ಷಿಯಲ್ಲ. ಹಾಳೆಯನ್ನು ಕೂತಲ್ಲಿಂದಲೇ ತುಂಬಿದ್ದಾರೆ ಎಂಬುದಕ್ಕೆ ಸಾಕ್ಷಿ.

ರಾಶಿ ಅಲ್ಲಿಗೆ ಬಂದದ್ದು ಹೇಗೆ?

"ಮೂಲೆಯಲ್ಲಿ ಪ್ಯಾಲೆಟ್ ಇಟ್ಟಿದ್ದರು" ಎಂಬಲ್ಲಿಗೆ ನಿಲ್ಲಿಸಿದರೆ ಚಾಲಕನ ಬದಲು ಪ್ಯಾಲೆಟ್ ಇಟ್ಟವನ ತಲೆಯ ಮೇಲೆ ತಪ್ಪು ಬೀಳುತ್ತದೆ, ಅಷ್ಟೇ. ಹಿಂದಿನ ದಿನಗಳ ದೃಶ್ಯ ಈಗ ಕೆಲಸಕ್ಕೆ ಬರುತ್ತದೆ. ಅದೇ ಹೊತ್ತಿಗೆ, ಅದೇ ಮೂಲೆಯಲ್ಲಿ, ದಿನವೂ ರಾಶಿ ಇದ್ದರೆ ಅದು ಒಬ್ಬನ ಮರೆವಲ್ಲ, ಗೋದಾಮಿನ ರೂಢಿ. ನಮ್ಮ ಪ್ರಕರಣದಲ್ಲಿ ಹಾಗೆಯೇ ಇತ್ತು. ರವಾನೆ ಜಾಗದಲ್ಲಿ ಗುರುತಿಸಿದ ಸ್ಥಳ ಎರಡು ಲಾರಿಗಳ ಸರಕಿಗೆ ಸಾಕು. ಮಧ್ಯಾಹ್ನದ ವೇಳಾಪಟ್ಟಿ ಮೂರು ಲಾರಿಗಳ ಸರಕನ್ನು ಮೊದಲೇ ಸಿದ್ಧಪಡಿಸಲು ಹೇಳುತ್ತದೆ. ಮೂರನೆಯದನ್ನು ಎಲ್ಲಿಡಬೇಕೆಂದು ಯಾವ ಕಾಗದವೂ ಹೇಳುವುದಿಲ್ಲ. ಬಾಗಿಲಿಗೆ ಹತ್ತಿರದ ಖಾಲಿ ನೆಲ ಆ ಮೂಲೆಯೇ. ದಿನನಿತ್ಯದ ಸುತ್ತಾಟದ ತಪಾಸಣಾ ಪಟ್ಟಿಯಲ್ಲಿ ತುರ್ತು ಬಾಗಿಲು, ಬೆಂಕಿ ನಂದಿಸುವ ಸಾಧನ ಇವೆ. ಓಣಿಯ ಬಾಯಿ ಇಲ್ಲ.

ಹೀಗೆ ಪ್ರತಿ ಉತ್ತರಕ್ಕೂ "ಅದು ಯಾಕೆ?" ಎಂದು ಕೇಳುತ್ತ ಹೋಗಿ. ಗೋದಾಮಿನವರು ಬದಲಾಯಿಸಬಹುದಾದ ಸಂಗತಿ ಸಿಕ್ಕಿದಾಗ ನಿಲ್ಲಿಸಿ. ಪ್ರತಿ ಮೆಟ್ಟಿಲಿಗೂ ಒಂದು ಸಾಕ್ಷ್ಯ ಇರಬೇಕು: ದೃಶ್ಯ, ವೇಳಾಪಟ್ಟಿ, ನಕ್ಷೆ ಅಥವಾ ಹೇಳಿಕೆ. ಸಾಕ್ಷ್ಯವಿಲ್ಲದ ಮೆಟ್ಟಿಲು ಊಹೆ, ಅದನ್ನು ಊಹೆ ಎಂದೇ ಬರೆಯಿರಿ. ಚಾಲಕ ನಿಜಕ್ಕೂ ಮೊಬೈಲ್ ನೋಡುತ್ತಿದ್ದರೆ? ದೃಶ್ಯದಲ್ಲಿ ಕಂಡರೆ ಅದೂ ಒಂದು ಸಂಗತಿ, ಮುಚ್ಚಿಡಬಾರದು. ಆದರೆ ಶಿಸ್ತುಕ್ರಮದ ವಿಚಾರ ಈ ವರದಿಯಲ್ಲಿ ಬೇಡ. ಒಂದೇ ಕಾಗದದಿಂದ ಕಾರಣವನ್ನೂ ಶಿಕ್ಷೆಯನ್ನೂ ಹುಡುಕಲು ಹೊರಟರೆ ಮುಂದಿನ ಘಟನೆಯಲ್ಲಿ ಯಾರೂ ನಿಜ ಹೇಳುವುದಿಲ್ಲ.

ಬರೆಯುವುದು

ಸಮಿತಿಯಲ್ಲಿ ಎಲ್ಲರೂ ಇಡೀ ವರದಿ ಓದುತ್ತಾರೆಂದು ನಂಬಬೇಡಿ. ಮೊದಲ ಅರ್ಧ ಪುಟವನ್ನು ಎಲ್ಲರೂ ಓದುತ್ತಾರೆ. ಅಲ್ಲಿ ಹೀಗಿರಲಿ:

> ಮಧ್ಯಾಹ್ನ 3:42ಕ್ಕೆ, ಮುಖ್ಯ ದಾರಿ ಮತ್ತು 6ನೇ ಓಣಿ ಕೂಡುವಲ್ಲಿ, ಸರಕು ಹೊತ್ತು ಬರುತ್ತಿದ್ದ ಯಂತ್ರ 1, ಹಿಮ್ಮುಖವಾಗಿ ಹೊರಬರುತ್ತಿದ್ದ ಯಂತ್ರ 2ಕ್ಕೆ ಡಿಕ್ಕಿ ಹೊಡೆಯಿತು. ಯಂತ್ರ 2ರ ಚಾಲಕರ ಮಣಿಕಟ್ಟು ಉಳುಕಿದೆ. ಮೂಲೆಯ ರ‍್ಯಾಕ್ ಕಂಬ 7 ಮಿ.ಮೀ. ಬಾಗಿದ್ದು, ಎರಡು ಅಂಕಣ ಖಾಲಿ ಮಾಡಿ ಮುಚ್ಚಿದ್ದೇವೆ. ಯಂತ್ರ 1 ವೇಗಮಿತಿಯೊಳಗಿತ್ತು. ಮೂಲೆಯ ಪ್ಯಾಲೆಟ್ ರಾಶಿಯಿಂದ ಕಾಣುವ ದೂರ 2.5 ಮೀ.ಗೆ ಇಳಿದಿತ್ತು, ನಿಲ್ಲಲು ಸುಮಾರು 3.5 ಮೀ. ಬೇಕಿತ್ತು. ಮೂರನೇ ಲಾರಿಯ ಸರಕಿಗೆ ಜಾಗ ಗುರುತಿಸದೆ ಇರುವುದರಿಂದ ರಾಶಿ ದಿನವೂ ಅಲ್ಲಿ ಬೀಳುತ್ತಿದೆ. ಸಮಿತಿಯಿಂದ ಎರಡು ತೀರ್ಮಾನ ಬೇಕು: ರವಾನೆ ವೇಳಾಪಟ್ಟಿಯ ಬದಲಾವಣೆ, ಓಣಿಗಳ ಬಾಯಿಯ ಬಳಿ ಯಂತ್ರಗಳ ವೇಗವನ್ನು 5 ಕಿ.ಮೀ.ಗೆ ಮಿತಿಗೊಳಿಸುವುದು.

ಇದರಲ್ಲಿ ಯಾರ ಹೆಸರೂ ಇಲ್ಲ ಎಂಬುದನ್ನು ಗಮನಿಸಿ. ವರದಿ ಹಲವರ ಕೈ ದಾಟುತ್ತದೆ. ಹೆಸರು, ವೈದ್ಯಕೀಯ ವಿವರ ಬೇರೆ ಹಾಳೆಯಲ್ಲಿ, ಬೇಕಾದವರಿಗೆ ಮಾತ್ರ ಸಿಗಲಿ. ಉಳಿದ ಪುಟಗಳಲ್ಲಿ ಘಟನಾಕ್ರಮ, ಅಳತೆಗಳು, ಕಾರಣಗಳ ಸರಪಣಿ, ಕ್ರಮಗಳು ಈ ಅನುಕ್ರಮದಲ್ಲಿ ಬಂದರೆ ಸಾಕು. ನೆಲದ ನಕ್ಷೆಯೊಂದನ್ನು ಕೈಯಲ್ಲೇ ಬಿಡಿಸಿ ಅಳತೆ ಬರೆದರೂ ಅಡ್ಡಿಯಿಲ್ಲ. ಹತ್ತು ಚಿತ್ರಗಳಿಗಿಂತ ಅದೇ ಹೆಚ್ಚು ತಿಳಿಸುತ್ತದೆ.

ಕ್ರಮಗಳು

ಸುಲಭವಾಗಿ ಕೈಗೆ ಬರುವ ವಾಕ್ಯ "ಎಲ್ಲ ಚಾಲಕರಿಗೂ ಸೂಕ್ತ ತಿಳಿವಳಿಕೆ ನೀಡಲಾಗುವುದು". ಯಾರು ನೀಡುತ್ತಾರೆ, ಯಾವಾಗ, ಅದರಿಂದ ಏನು ಬದಲಾಗುತ್ತದೆ? 2.5 ಮೀಟರ್ ದೂರ ತಿಳಿವಳಿಕೆಯಿಂದ ಹಿಗ್ಗುವುದಿಲ್ಲ.

ಅಪಾಯವನ್ನೇ ತೆಗೆಯುವ ಕ್ರಮ ಮೊದಲು ಬರಲಿ: ಮೂರನೇ ಲಾರಿಯ ಸರಕನ್ನು ಮೊದಲ ಲಾರಿ ಹೊರಟ ಮೇಲೆಯೇ ಕೆಳಗಿಳಿಸುವುದು. ಆಗ ರಾಶಿಯೇ ಇರುವುದಿಲ್ಲ. ನಂತರ ಯಂತ್ರ ಮತ್ತು ಕಟ್ಟಡದ ಕ್ರಮಗಳು: ಮೂಲೆಯಲ್ಲಿ ಪ್ಯಾಲೆಟ್ ಇಡಲಾಗದಂತೆ ನೆಲಕ್ಕೆ ಬೋಲ್ಟ್ ಮಾಡಿದ ಕಬ್ಬಿಣದ ತಡೆ, ರ‍್ಯಾಕ್ ಕಂಬಕ್ಕೆ ರಕ್ಷಾಕವಚ, ಯಂತ್ರದ ವೇಗ ನಿಯಂತ್ರಕ. ಹಳದಿ ಗೆರೆಯನ್ನು ಮತ್ತೆ ಬಳಿಯುವುದು ಇದರ ಕೆಳಗೆ, ಏಕೆಂದರೆ ಗೆರೆ ಮೊದಲೂ ಇತ್ತು, ರಾಶಿ ಅದರೊಳಗೇ ಇತ್ತು. ಕನ್ನಡಿಯೂ ಅಷ್ಟೇ, ಅದು ನೆರವಾಗುತ್ತದೆ, ಆದರೆ ಒಂದು ತಿಂಗಳ ಧೂಳು ಸಾಕು ಅದನ್ನು ಅಲಂಕಾರವಾಗಿಸಲು. ತರಬೇತಿ ಕೊನೆಗೆ.

ಪ್ರತಿ ಕ್ರಮಕ್ಕೂ ಹುದ್ದೆಯ ಹೆಸರು, ದಿನಾಂಕ, ಮತ್ತು ಮುಗಿದಿದೆಯೆಂದು ಹೇಗೆ ಪರೀಕ್ಷಿಸುತ್ತೇವೆ ಎಂಬ ಒಂದು ಸಾಲು ಇರಲಿ. "ತಡೆ ಅಳವಡಿಕೆ: ನಿರ್ವಹಣಾ ವಿಭಾಗದ ಮುಖ್ಯಸ್ಥರು, ಇಂಥ ದಿನಾಂಕದೊಳಗೆ, ಪರೀಕ್ಷೆ: ಕಾಣುವ ದೂರವನ್ನು ಮತ್ತೆ ಅಳೆದು 5 ಮೀ. ಮೀರಿರಬೇಕು." ಸಮಿತಿ ತೀರ್ಮಾನಿಸುವವರೆಗೆ ನಿಮ್ಮ ಅಧಿಕಾರದಲ್ಲೇ ಮಾಡಬಹುದಾದ ತಾತ್ಕಾಲಿಕ ಕ್ರಮವನ್ನೂ, ಅದು ಆರಂಭವಾದ ಹೊತ್ತನ್ನೂ ಬರೆಯಿರಿ. ನಮ್ಮಲ್ಲಿ ಅದು ಮೂಲೆಗೆ ಹಗ್ಗ ಕಟ್ಟಿ, ಓಣಿಯಿಂದ ಹೊರಬರುವ ಯಂತ್ರಕ್ಕೆ ಒಬ್ಬ ಸಹಾಯಕನನ್ನು ಸುರಕ್ಷಿತ ಜಾಗದಲ್ಲಿ ನಿಲ್ಲಿಸುವುದು.

ಒಪ್ಪಿಸುವ ಮೊದಲು, ಒಪ್ಪಿಸಿದ ಮೇಲೆ

ಕರಡಿನ ಘಟನಾಕ್ರಮದ ಭಾಗವನ್ನು ಇಬ್ಬರು ಚಾಲಕರಿಗೂ ಓದಿಸಿ. ಅವರು ಒಪ್ಪದ ಸಾಲನ್ನು ನೀವು ಉಳಿಸಿಕೊಂಡರೆ ಅವರ ಆಕ್ಷೇಪವನ್ನು ಪಕ್ಕದಲ್ಲೇ ಸೇರಿಸಿ. ಪ್ರತಿ ಕರಡಿಗೂ ದಿನಾಂಕ ಹಾಕಿ. ಸಹಿಯಾದ ವರದಿಯನ್ನು ತಿದ್ದಬೇಡಿ, ಹೊಸ ಸಂಗತಿ ಸಿಕ್ಕರೆ ಪೂರಕ ಹಾಳೆ ಬರೆಯಿರಿ.

ಕ್ರಮಗಳ ಗಡುವು ಮುಗಿದ ಮೇಲೆ ಪೂರ್ವಸೂಚನೆಯಿಲ್ಲದೆ, ಮೂರನೇ ಲಾರಿ ಬರುವ ಹೊತ್ತಿಗೇ ಆ ಮೂಲೆಗೆ ಹೋಗಿ ಅದೇ ಅಳತೆಯನ್ನು ಮತ್ತೆ ತೆಗೆಯಿರಿ. ಕಾಣುವ ದೂರ, ದೃಶ್ಯದಿಂದ ತೆಗೆದ ನಾಲ್ಕೈದು ಯಂತ್ರಗಳ ವೇಗ, ರಾಶಿ ಈಗ ಎಲ್ಲಿ ಬೀಳುತ್ತಿದೆ ಎಂಬ ಒಂದು ಸಾಲು. ಬೇರೆ ಓಣಿಯ ಬಾಯಿಗೆ ಸರಿದಿದ್ದರೆ ಆ ಓಣಿಯ ಸಂಖ್ಯೆಯೊಂದಿಗೆ ಈ ಹಾಳೆ ಸಮಿತಿಯ ಮುಂದಿನ ಸಭೆಯ ಕಾರ್ಯಸೂಚಿಗೆ ಹೋಗಲಿ.